ಗದ್ದಲವನ್ನು ಗುರುತಿಸುವ ಗಣಕಜಾಲ

ಡಿಫ್ಯೂಷನ್ ಎಂಬ ಗಣಕವಿಧಾನವು ಚಿತ್ರರಚನೆಯನ್ನು ಕಲಿಯುವುದು ಕೆಡಿಸಿದ ಚಿತ್ರಗಳಿಂದ. 2020ರಲ್ಲಿ ಬರ್ಕ್ಲಿಯ ಹೋ, ಜೈನ್, ಅಬೀಲ್ ಎಂಬ ವಿದ್ವಾಂಸರು ಪ್ರಕಟಿಸಿದ ಕ್ರಮದಲ್ಲಿ 1000 ಹೆಜ್ಜೆಗಳುಂಟು. ಪ್ರತಿ ಹೆಜ್ಜೆಯಲ್ಲಿಯೂ ಚಿತ್ರದ ಅಂಶವನ್ನು ತುಸು ಕುಗ್ಗಿಸಿ, ಯಾದೃಚ್ಛಿಕ ಸಂಖ್ಯೆಗಳನ್ನು, ಎಂದರೆ ಗದ್ದಲವನ್ನು, ತುಸು ಬೆರೆಸುವರು. ಬೆರಕೆಯ ಪ್ರಮಾಣವು 0.0001ರಿಂದ ಆರಂಭವಾಗಿ ಸಮನಾಗಿ ಏರುತ್ತ ಕೊನೆಗೆ 0.02 ಆಗುತ್ತದೆ.

500ನೆಯ ಹೆಜ್ಜೆಯನ್ನು ಪರಿಶೀಲಿಸೋಣ. ಅಲ್ಲಿಗೆ ಮೂಲಚಿತ್ರದ ಗುಣಕವು ಸುಮಾರು 0.28ಕ್ಕೆ ಇಳಿದು, ಗದ್ದಲದ ಗುಣಕವು 0.96ಕ್ಕೆ ಏರಿರುತ್ತದೆ. ಚಿತ್ರದ ಒಂದು ಬಿಂದುವಿನ ಮೌಲ್ಯ 0.5, ಗದ್ದಲ 1 ಆಗಿದ್ದರೆ, ಮಿಶ್ರಣವು 0.14 + 0.96 = 1.10. ಜಾಲಕ್ಕೆ ಒದಗಿಸುವುದು ಹೀಗೆ ಕೆಟ್ಟ ಇಡೀ ಚಿತ್ರವನ್ನೂ ಹೆಜ್ಜೆಯ ಸಂಖ್ಯೆಯನ್ನೂ ಮಾತ್ರ. ಅದು ಊಹಿಸಬೇಕಾದುದು 0.5 ಎಂಬ ಮೂಲವನ್ನಲ್ಲ, ಬೆರೆತ ಗದ್ದಲವಾದ 1ನ್ನು. ಊಹೆಗೂ ನಿಜಕ್ಕೂ ಇರುವ ಅಂತರದ ವರ್ಗವನ್ನು ಕಡಮೆ ಮಾಡುವುದೇ ಅದರ ಶಿಕ್ಷಣ. ಗದ್ದಲವು ತಿಳಿದರೆ ಮೂಲವು ಲೆಕ್ಕದಿಂದಲೇ ದೊರೆಯುತ್ತದೆ.

ಆದರೆ ಜಾಲವು 1ರ ಬದಲು 0.9 ಎಂದರೆ ಮೂಲವು 0.84 ಎಂದು ತೋರುವುದು, 0.1ರ ದೋಷ 0.34 ಆಯಿತು. ಆದಕಾರಣವೇ ಒಂದೇ ನೆಗೆತಕ್ಕೆ ಮೂಲವನ್ನು ಮುಟ್ಟಲೆಳಸದೆ, ಊಹಿತ ಗದ್ದಲದ ಅಲ್ಪಭಾಗವನ್ನಷ್ಟೇ ಕಳೆದು, ಮತ್ತೆ ಊಹಿಸುತ್ತ, ಹೆಜ್ಜೆಹೆಜ್ಜೆಯಾಗಿ ಹಿಂದಿರುಗುವರು.