ಹಲವು ಕಡೆಯ ಬಡ್ಡಿ, ಲಾಭಾಂಶ, ಬಂಡವಾಳ ಲಾಭ: ಮುಂಗಡ ತೆರಿಗೆಯ ಲೆಕ್ಕ

ಒಂದು ಬ್ಯಾಂಕಿನ ಠೇವಣಿ ಬಡ್ಡಿ ವರ್ಷಕ್ಕೆ 50,000 ರೂಪಾಯಿ ಮೀರದಿದ್ದರೆ 60 ವರ್ಷದೊಳಗಿನವರಿಗೆ ಮೂಲದಲ್ಲಿ ತೆರಿಗೆ ಕಡಿತ (ಟಿಡಿಎಸ್) ಆಗುವುದಿಲ್ಲ. ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಠೇವಣಿಗಂತೂ ಈ ಕಡಿತವೇ ಇಲ್ಲ. ಆದರೆ ಕಡಿತವಿಲ್ಲದ ಬಡ್ಡಿಗೂ ತೆರಿಗೆಯುಂಟು. ಕಡಿತಗಳನ್ನು ಕಳೆದ ಮೇಲೆ ವರ್ಷದ ತೆರಿಗೆ 10,000 ರೂಪಾಯಿ ಅಥವಾ ಹೆಚ್ಚು ಉಳಿದರೆ, ಅದನ್ನು ವರ್ಷ ಮುಗಿಯುವ ಮೊದಲೇ ಮುಂಗಡ ತೆರಿಗೆಯಾಗಿ ಕಟ್ಟಬೇಕು. ವ್ಯಾಪಾರ, ವೃತ್ತಿಯ ಆದಾಯವಿಲ್ಲದ 60 ದಾಟಿದ ನಿವಾಸಿಗಳಿಗೆ ಇದರಿಂದ ವಿನಾಯಿತಿಯಿದೆ.

1. ಆದಾಯವನ್ನು ಒಟ್ಟುಗೂಡಿಸುವುದು

ಹುಣಸೂರಿನ ನೌಕರರೊಬ್ಬರ 2025-26ರ ಸಂಬಳ, ಪ್ರಮಾಣಿತ ಕಡಿತದ ನಂತರ, 13 ಲಕ್ಷವಿದ್ದು, ಅದರ ತೆರಿಗೆಯನ್ನು ಕಚೇರಿಯೇ ಮುರಿದುಕೊಂಡಿದೆ ಎಂದುಕೊಳ್ಳೋಣ. ಎರಡು ಬ್ಯಾಂಕುಗಳಿಂದ 45,000 ಮತ್ತು 40,000, ಸಹಕಾರ ಸಂಘದಿಂದ 35,000, ಒಟ್ಟು 1,20,000 ರೂಪಾಯಿ ಬಡ್ಡಿ ಬಂದಿದೆ. ಹೊಸ ಪದ್ಧತಿಯಲ್ಲಿ ಇದಕ್ಕೆ ಶೇ 15ರ ತೆರಿಗೆ, ಶೇ 4ರ ಸೆಸ್ ಸೇರಿ 18,720 ರೂಪಾಯಿ. 20,000 ರೂಪಾಯಿ ಲಾಭಾಂಶಕ್ಕೆ 3,120. ನವೆಂಬರಿನಲ್ಲಿ ಈಕ್ವಿಟಿ ಫಂಡ್ ಮಾರಿ ಬಂದ 2,05,000 ರೂಪಾಯಿ ದೀರ್ಘಾವಧಿ ಲಾಭದಲ್ಲಿ 1,25,000 ಕಳೆದು, ಉಳಿದ 80,000ಕ್ಕೆ ಶೇ 12.5ರಂತೆ ಸೆಸ್ ಸೇರಿ 10,400. ಒಟ್ಟು 32,240 ರೂಪಾಯಿ.

2. ಕಂತು ಕಟ್ಟುವುದು

ಜೂನ್ 15ಕ್ಕೆ ಶೇ 15, ಸೆಪ್ಟೆಂಬರ್ 15ಕ್ಕೆ ಶೇ 45, ಡಿಸೆಂಬರ್ 15ಕ್ಕೆ ಶೇ 75, ಮಾರ್ಚ್ 15ಕ್ಕೆ ಪೂರ್ತಿ ತೆರಿಗೆ ಸಂದಿರಬೇಕು. ಬಂಡವಾಳ ಲಾಭ ಮತ್ತು ಲಾಭಾಂಶವನ್ನು ಮೊದಲೇ ಅಂದಾಜಿಸಲಾಗದ ಕಾರಣ, ಅವು ಕೈಸೇರಿದ ನಂತರದ ಕಂತುಗಳಲ್ಲಿ ಅವುಗಳ ತೆರಿಗೆ ಕಟ್ಟಿದರೆ ದಂಡಬಡ್ಡಿ ಬೀಳುವುದಿಲ್ಲ. ಹಾಗಾಗಿ ನವೆಂಬರಿನ ಲಾಭ ಡಿಸೆಂಬರ್ ಮತ್ತು ಮಾರ್ಚ್ ಕಂತುಗಳಿಗೆ ಸೇರುತ್ತದೆ. ಠೇವಣಿ ಬಡ್ಡಿಗೆ ಈ ರಿಯಾಯಿತಿಯಿಲ್ಲ. ಮೇಲಿನ ಬಡ್ಡಿಯ ತೆರಿಗೆಗೆ ಒಂದು ಕಂತನ್ನೂ ಕಟ್ಟದಿದ್ದರೆ, 234ಸಿ ಕಲಮಿನಡಿ ಅದೊಂದಕ್ಕೇ ಸುಮಾರು 940 ರೂಪಾಯಿ ಬೀಳುತ್ತದೆ. ಏಪ್ರಿಲ್‌ನಿಂದ 234ಬಿ ಅಡಿ ತಿಂಗಳಿಗೆ ಶೇ 1 ಬೇರೆ. ಇತರ ಆದಾಯವನ್ನು ಸಂಬಳ ಕೊಡುವ ಕಚೇರಿಗೆ ಬರೆದುಕೊಟ್ಟು ಅಲ್ಲಿಯೇ ತೆರಿಗೆ ಮುರಿಸಿಕೊಂಡರೆ ಕಂತಿನ ಗೊಡವೆ ಇರುವುದಿಲ್ಲ. ಸ್ವತಃ ಕಟ್ಟುವವರು ಇಲಾಖೆಯ ಜಾಲತಾಣದ e-Pay Tax ವಿಭಾಗದಲ್ಲಿ 2026-27ರ ನಿರ್ಧರಣಾ ವರ್ಷವನ್ನೂ ಮುಂಗಡ ತೆರಿಗೆಯ 100 ಸಂಕೇತವನ್ನೂ ಆಯ್ದುಕೊಳ್ಳಬೇಕು.

3. ರಿಟರ್ನ್ ಸಲ್ಲಿಸುವುದು

ದೀರ್ಘಾವಧಿ ಲಾಭ 1.25 ಲಕ್ಷ ಮೀರಿದವರಿಗೂ ಕೃಷಿ ಆದಾಯ 5,000 ರೂಪಾಯಿ ದಾಟಿದವರಿಗೂ ಐಟಿಆರ್-1 ಸಲ್ಲದು. ವ್ಯಾಪಾರದ ಆದಾಯವಿಲ್ಲದಿದ್ದರೆ ಐಟಿಆರ್-2 ತುಂಬಬೇಕು. ತಂಬಾಕು ಬೆಳೆಯ ಆದಾಯ ತೆರಿಗೆಮುಕ್ತವಾದರೂ ಉಳಿದ ಆದಾಯದ ತೆರಿಗೆ ದರ ನಿರ್ಧರಿಸಲು ಲೆಕ್ಕಕ್ಕೆ ಬರುವುದರಿಂದ ಅದನ್ನು ನಮೂದಿಸಬೇಕು. ಲಾಭಾಂಶ ಮತ್ತು ಬಂಡವಾಳ ಲಾಭಗಳಿಗೆ ನಮೂನೆಯಲ್ಲಿ ಅವಧಿವಾರು ಕಲಮುಗಳಿವೆ. ನವೆಂಬರಿನ ಲಾಭವನ್ನು ಸೆಪ್ಟೆಂಬರ್ 16ರಿಂದ ಡಿಸೆಂಬರ್ 15ರ ಕಲಮಿನಲ್ಲಿ ಬರೆಯದೆ ಜೂನ್ ಕಲಮಿಗೆ ಹಾಕಿದರೆ, ಗಣಕವು ಲಾಭ ಅಂದೇ ಬಂತೆಂದು ಎಣಿಸಿ ದಂಡಬಡ್ಡಿ ಹಾಕುತ್ತದೆ. ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್‌ನಲ್ಲಿ ಸಹಕಾರ ಸಂಘದ ಬಡ್ಡಿ ಕಾಣದೆ ಹೋಗಬಹುದು. ಸಂಘದಿಂದ ಬಡ್ಡಿ ಪ್ರಮಾಣಪತ್ರ ಪಡೆದು ಕೈಯಾರೆ ಸೇರಿಸಬೇಕು. ಕೊನೆಯ ದಿನ 2026ರ ಜುಲೈ 31. ಸಲ್ಲಿಸಿದ 30 ದಿನಗಳೊಳಗೆ ಇ-ದೃಢೀಕರಣ ಮುಗಿಸದಿದ್ದರೆ ರಿಟರ್ನ್ ಸಕಾಲದಲ್ಲಿ ಸಲ್ಲಿಕೆಯಾದಂತೆ ಆಗುವುದಿಲ್ಲ.