ಮುಖಪುಟದ ಸಂಯಮ

ಗುಂಡ್ಲುಪೇಟೆಯು ದಾರಿಗಳು ಕವಲೊಡೆಯುವ ಊರು. ಮೈಸೂರಿನಿಂದ ಬಂದ ಹೆದ್ದಾರಿಯು ಇಲ್ಲಿಂದ ಮುಂದೆ ಒಂದು ಕಡೆ ಊಟಿಗೂ ಇನ್ನೊಂದು ಕಡೆ ಕೇರಳದ ಸುಲ್ತಾನ್ ಬತ್ತೇರಿಗೂ ಸಾಗುತ್ತದೆ. ಎರಡೂ ದಾರಿಗಳು ಬಂಡೀಪುರದ ಕಾಡನ್ನು ಹಾಯುತ್ತವೆ. ವನ್ಯಮೃಗಗಳು ವಾಹನಗಳಿಗೆ ಸಿಲುಕಿ ಸಾಯುವುದನ್ನು ತಡೆಯಲೆಂದು, 2009ರಿಂದ ಇಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳ ಸಂಚಾರಕ್ಕೆ ನಿರ್ಬಂಧವಿದೆ. ಇದನ್ನು ಅರಿಯದೆ ಹೊರಟವರು ಚೆಕ್‌ಪೋಸ್ಟಿನಿಂದ ಹಿಂದಿರುಗಬೇಕಾಗುತ್ತದೆ.

ಚಾಮರಾಜನಗರದ ಒಂದು ಕುಟುಂಬವು ಸಂಜೆ ಏಳೂಮುಕ್ಕಾಲರ ಹೊತ್ತಿಗೆ ಕಾರಿನಲ್ಲಿ ಬತ್ತೇರಿಗೆ ಹೊರಡಲು ಅಣಿಯಾಗಿದೆಯೆಂದು ಭಾವಿಸೋಣ. ದಾರಿಯ ವಿಷಯವನ್ನು ತಿಳಿಯಲು ಮನೆಯ ಮಗನು ಗುಂಡ್ಲುಪೇಟೆಯ ಒಂದು ವಸತಿಗೃಹದ ಜಾಲತಾಣವನ್ನು ಮೊಬೈಲಿನಲ್ಲಿ ತೆರೆಯುತ್ತಾನೆ. ಆ ಜಾಲತಾಣದ ಮುಖಪುಟದಲ್ಲಿ ಐದು ಚಿತ್ರಗಳು ಒಂದರ ಹಿಂದೆ ಒಂದು ತಾವಾಗಿಯೇ ಸರಿಯುತ್ತಿವೆ. ಇಂಥ ಏರ್ಪಾಡಿಗೆ ಸ್ಲೈಡರ್ ಎನ್ನುತ್ತಾರೆ. ಮೊದಲನೆಯದು ಆನೆಯ ಚಿತ್ರ. ಎರಡನೆಯದು ಮಂಜು ಮುಸುಕಿದ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಮೂರನೆಯದರಲ್ಲಿ ಹೀಗೊಂದು ಸೂಚನೆ: 'ರಾತ್ರಿ ಒಂಬತ್ತು ಗಂಟೆಯ ನಂತರ ಬಂಡೀಪುರದ ಕಾಡಿನ ದಾರಿಯಲ್ಲಿ ವಾಹನಗಳನ್ನು ಬಿಡುವುದಿಲ್ಲ, ಪ್ರಯಾಣಿಕರು ಮುಂಚಿತವಾಗಿ ಹೊರಡಬೇಕು.'

ಪ್ರತಿಯೊಂದು ಚಿತ್ರವೂ 4 ಸೆಕೆಂಡು ನಿಲ್ಲುತ್ತದೆ. ಸೂಚನೆಯಲ್ಲಿರುವುದು 12 ಪದಗಳು. ಸೆಕೆಂಡಿಗೆ ಎರಡು ಪದಗಳನ್ನು ಓದುವವನಿಗೂ 6 ಸೆಕೆಂಡು ಬೇಕು. ಓದು ಅರ್ಧ ದಾಟಿದ ಮೇಲೆ ಸೂಚನೆ ಜಾರಿಹೋಗುತ್ತದೆ. ಅದು ಮತ್ತೆ ಕಾಣಲು 16 ಸೆಕೆಂಡು ಕಾಯಬೇಕು. ಅಷ್ಟು ಕಾಯುವವರು ಯಾರು? ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದುವ ಅಜ್ಜಿಗಂತೂ ಅದು ಎಂದಿಗೂ ಪೂರ್ತಿಯಾಗಿ ದಕ್ಕುವುದಿಲ್ಲ.

ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾನಿಲಯದ ಮುಖಪುಟದಲ್ಲಿಯೂ ಇಂಥದೊಂದು ಸ್ಲೈಡರ್ ಇತ್ತು. ಅದರ ಬಳಕೆಯ ಲೆಕ್ಕವನ್ನು ಎರಿಕ್ ರನ್ಯನ್ ಎಂಬವರು 2013ರಲ್ಲಿ ಪ್ರಕಟಿಸಿದರು. ಪುಟಕ್ಕೆ ಬಂದ ನೂರು ಭೇಟಿಗಳಲ್ಲಿ ಸ್ಲೈಡರನ್ನು ಒತ್ತಿದ್ದು ಸುಮಾರು ಒಂದರಲ್ಲಿ ಮಾತ್ರ. ಹಾಗೆ ಒತ್ತಿದ್ದರಲ್ಲಿ ನೂರಕ್ಕೆ ಸುಮಾರು 84 ಪಾಲು ಮೊದಲ ಚಿತ್ರಕ್ಕೇ ಸಂದಿತ್ತು. ಮೂರನೆಯ ಚಿತ್ರದಲ್ಲಿಟ್ಟ ಮಾತು ಬಹುಮಟ್ಟಿಗೆ ಬಚ್ಚಿಟ್ಟ ಮಾತೇ ಸರಿ.

ಇನ್ನು ಭಾರದ ಮಾತು. ಒಂದೊಂದು ಚಿತ್ರವು 800 ಕಿಲೋಬೈಟ್ ಇದ್ದರೆ ಐದು ಸೇರಿ 4 ಮೆಗಾಬೈಟ್, ಅಂದರೆ 32 ಮೆಗಾಬಿಟ್ ಆಗುತ್ತದೆ. ಕಾಡಿನಂಚಿನ ದುರ್ಬಲ ಸಂಪರ್ಕದಲ್ಲಿ ಸೆಕೆಂಡಿಗೆ 1 ಮೆಗಾಬಿಟ್ ಮಾತ್ರ ಬರುತ್ತಿದ್ದರೆ, ಎಲ್ಲವೂ ಇಳಿಯಲು ಅರ್ಧ ನಿಮಿಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. 100 ಕಿಲೋಬೈಟಿನ ಒಂದೇ ಚಿತ್ರವಾದರೆ ಒಂದು ಸೆಕೆಂಡಿನೊಳಗೆ ಬಂದೀತು.

ಇಷ್ಟರ ನಡುವೆ, ಓದು ಮೊದಲಾಗುವ ಮುನ್ನವೇ 'ಇಂದೇ ಕೊಠಡಿ ಕಾದಿರಿಸಿ' ಎಂಬ ಪಾಪ್-ಅಪ್ ಪೆಟ್ಟಿಗೆಯು ಎದ್ದು ಪರದೆಯನ್ನೆಲ್ಲ ಮುಚ್ಚುತ್ತದೆ. ಅದನ್ನು ತೆಗೆಯುವ ಗುಣಾಕಾರದ ಗುರುತು ಸಾಸಿವೆಯಷ್ಟು! ಬೆರಳು ಅದಕ್ಕೆ ತಗಲದೆ ಪಕ್ಕದ ಜಾಹೀರಾತಿಗೆ ತಗಲಿ ಬೇರೊಂದು ಪುಟ ತೆರೆಯುತ್ತದೆ. ಅಂಗಡಿಗೆ ಬಂದವನು ಬಾಯಿ ತೆರೆಯುವ ಮೊದಲೇ ಅವನ ಕೈ ಹಿಡಿದೆಳೆಯುವ ವ್ಯಾಪಾರಿಯ ವರ್ತನೆಯಿದು.

ಎಲ್ಲರಿಗೂ ಬಳಸಲು ಬರುವಂತೆ ಜಾಲತಾಣಗಳನ್ನು ರಚಿಸುವುದಕ್ಕಾಗಿ 2008ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಇದಕ್ಕೆ ಸಂಬಂಧಿಸಿದ ನಿಯಮವಿದೆ. ಇತರ ವಿಷಯಗಳ ಜೊತೆಗೆ ಕಾಣುವ ಯಾವುದೇ ಚಿತ್ರ ಅಥವಾ ಬರಹ ತಾನಾಗಿಯೇ ಚಲಿಸತೊಡಗಿ 5 ಸೆಕೆಂಡಿಗಿಂತ ಹೆಚ್ಚು ಕಾಲ ಚಲಿಸುತ್ತಿದ್ದರೆ, ಅದನ್ನು ನಿಲ್ಲಿಸುವ ಉಪಾಯವು ಓದುಗನ ಕೈಯಲ್ಲಿರಬೇಕು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಮಿನುಗುವುದನ್ನೂ ಅದು ತಡೆಯುತ್ತದೆ. ಏಕೆಂದರೆ ಅಂಥ ಮಿನುಗು ಕೆಲವರಲ್ಲಿ ಅಪಸ್ಮಾರದ ಸೆಳವನ್ನು ತರಬಲ್ಲದು.

ಚಲನೆಯೆಲ್ಲವೂ ತ್ಯಾಜ್ಯವೆಂದಲ್ಲ. ಗುಂಡಿಯನ್ನು ಒತ್ತಿದಾಗ ಅದು ಕ್ಷಣಕಾಲ ಬಣ್ಣ ಬದಲಿಸಿದರೆ ಒತ್ತಿದ್ದು ಖಚಿತವಾಗುತ್ತದೆ. ಕಾದಿರಿಸಿದ ಕೊಠಡಿಯನ್ನು ರದ್ದುಪಡಿಸುವಾಗ 'ನಿಜವಾಗಿ ರದ್ದುಪಡಿಸಬೇಕೆ?' ಎಂದು ಪೆಟ್ಟಿಗೆ ಕೇಳಿದರೆ ಅದು ಉಪಕಾರವೇ. ಇವು ಓದುಗನು ಮಾಡಿದ ಕೆಲಸಕ್ಕೆ ಕೊಡುವ ಉತ್ತರಗಳು. ಅವನು ಕೇಳದೆಯೇ ಆಡುವ ಮಾತುಗಳಲ್ಲ.

ಈಗ ಅದೇ ಮುಖಪುಟವನ್ನು ತಿದ್ದಿ ಬರೆಯೋಣ. ಮೇಲ್ಭಾಗದಲ್ಲಿ ರಾತ್ರಿ ಸಂಚಾರದ ಸೂಚನೆ, ಅಲುಗಾಡದ ದೊಡ್ಡ ಅಕ್ಷರಗಳಲ್ಲಿ. ಅದರ ಕೆಳಗೆ ದೂರವಾಣಿ ಸಂಖ್ಯೆ ಮತ್ತು ಕೊಠಡಿಯ ಬಾಡಿಗೆ. ಆಮೇಲೆ ಬೆಟ್ಟದ ಒಂದು ಚಿತ್ರ. ಉಳಿದ ಚಿತ್ರಗಳು ಬೇಕೆಂದವರಿಗೆ ಬೇರೊಂದು ಪುಟದಲ್ಲಿ ಸಿಗುತ್ತವೆ. ಪಾಪ್-ಅಪ್ ಇಲ್ಲ, 'ಕಾದಿರಿಸಿ' ಎಂಬ ಗುಂಡಿಯು ಬಾಡಿಗೆಯ ಪಕ್ಕದಲ್ಲಿಯೇ ಇದೆ.

ತಿದ್ದಿದ ಪುಟವು ಆ ಕುಟುಂಬದ ಕೈಗೆ ಬಂದಿದ್ದರೆ, ಮೊಬೈಲನ್ನು ಕಣ್ಣಿನಿಂದ ಮಾರುದೂರ ಹಿಡಿದು ಅಜ್ಜಿಯೇ ಸೂಚನೆಯನ್ನು ಕೊನೆಯವರೆಗೆ ಓದುತ್ತಿದ್ದಳು. "ಒಂಬತ್ತು ಗಂಟೆಗೇ ದಾರಿ ಮುಚ್ಚುತ್ತಾರಂತೆ ಮಗ, ಈಗ ಬೇಡ. ಬೆಳಿಗ್ಗೆ ಎದ್ದು ಹೊರಟರಾಯಿತು" ಎನ್ನುತ್ತಿದ್ದಳು. ಕಾರಿನಲ್ಲಿಟ್ಟ ಚೀಲಗಳು ಮತ್ತೆ ಮನೆಯೊಳಕ್ಕೆ ಬರುತ್ತಿದ್ದವು.