ಗೆಳೆಯನಿಗೆ ಹೇಳಿ, ಡಾಕ್ಟರಿಗೆ ತೋರಿಸಿ

ಮಳೆಗಾಲ ಬಂತೆಂದರೆ ಹಾಸ್ಟೆಲಿಗೆ ಹೊರಟ ಮಕ್ಕಳಿಗೆ ನಾನು ಹೇಳುವ ಮೊದಲ ಮಾತು ಓದಿನದ್ದಲ್ಲ, ಒಳಚಡ್ಡಿಯದ್ದು. ನಗಬೇಡಿ. ಒಂದು ಕತೆ ಹೇಳುತ್ತೇನೆ, ಕೇಳಿ. ಹುಡುಗ ಯಾರು ಎಂದು ಹುಡುಕಲು ಹೋಗಬೇಡಿ. ಇದು ಯಾವ ಹಾಸ್ಟೆಲಿನಲ್ಲಾದರೂ ನಡೆಯುವ ಕತೆ.

ಸೊರಬದ ಕಡೆಯ ಹಳ್ಳಿಯ ಹುಡುಗ, ಶಿಕಾರಿಪುರದ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದ. ಜುಲೈ ತಿಂಗಳ ಜಡಿಮಳೆ. ಹಗ್ಗದ ಮೇಲೆ ಹಾಕಿದ ಬಟ್ಟೆ ಎರಡು ದಿನವಾದರೂ ತಣ್ಣಗೇ ಇರುತ್ತಿತ್ತು. ಅರೆ ಒಣಗಿದ ಚಡ್ಡಿ, ಅದರ ಮೇಲೆ ಬಿಗಿಯಾದ ಜೀನ್ಸು. ಟವೆಲ್ ಸಿಗದ ದಿನ ಪಕ್ಕದ ಮಂಚದವನ ಟವೆಲ್. ತೊಡೆಸಂದಿನಲ್ಲಿ ರೂಪಾಯಿಯಗಲದ ಕೆಂಪು ಕಲೆ ಎದ್ದಿತು. ಬೆವರಿದಾಗ ತುರಿಕೆ, ತುರಿಸಿದ ಮೇಲೆ ಉರಿ.

ಅವನು ಯಾರಿಗೂ ಹೇಳಲಿಲ್ಲ. ಕೆಟ್ಟ ಚಾಳಿಯಿಂದ ಬಂದ ರೋಗ ಎಂದುಕೊಂಡಾರು ಎಂಬ ಹೆದರಿಕೆ. ಮೆಡಿಕಲ್ ಶಾಪಿಗೆ ಹೋಗಿ, ಬೇರೆ ಗಿರಾಕಿಗಳೆಲ್ಲ ಹೋಗುವವರೆಗೆ ಕಾದು, 'ತುರಿಕೆಗೆ ಒಂದು ಟ್ಯೂಬ್ ಕೊಡಿ' ಎಂದ. ಹಚ್ಚಿದ ಮೂರನೇ ದಿನಕ್ಕೆ ಕೆಂಪು ಮಾಯ. ಟ್ಯೂಬ್ ಎತ್ತಿಟ್ಟ. ವಾರ ಕಳೆಯುವುದರೊಳಗೆ ಕಲೆ ಮತ್ತೆ ಬಂತು, ಈ ಸಲ ಅಂಗೈಯಗಲ. ಮತ್ತೆ ಹಚ್ಚಿದ, ಮತ್ತೆ ಬಿಟ್ಟ. ದಸರಾ ರಜೆ ಹತ್ತಿರ ಬರುವಷ್ಟರಲ್ಲಿ ಅದು ಎರಡೂ ತೊಡೆ ದಾಟಿ, ಪೃಷ್ಠಕ್ಕೂ ಉಡಿದಾರದ ಸುತ್ತಲಿಗೂ ಹಬ್ಬಿತ್ತು. ಕಬಡ್ಡಿ ಬಿಟ್ಟ. ಎಲ್ಲರೂ ಮಲಗಿದ ಮೇಲೆ ಸ್ನಾನಕ್ಕೆ ಹೋಗತೊಡಗಿದ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವುದು ಹೀಗೆಯೇ.

ಆನವಟ್ಟಿಯ ಗೆಳೆಯನೊಬ್ಬ ಅದೇ ರೂಮಿನಲ್ಲಿದ್ದ. ಇವನು ಕಾಲು ಅಗಲಿಸಿ ನಡೆಯುವುದನ್ನೂ, ರಾತ್ರಿಯಿಡೀ ಹೊರಳಾಡುವುದನ್ನೂ ಗಮನಿಸಿದ.

"ಏನಾಗಿದ್ಯೋ ನಿಂಗೆ?"

"ಏನಿಲ್ಲ ಮಾರಾಯ, ಜೀನ್ಸ್ ಉಜ್ಜಿದೆ."

"ಒಂದು ತಿಂಗಳಿಂದ ಉಜ್ತಾನೇ ಇದ್ಯಾ? ನಂಗೂ ಹೋದ ವರ್ಷ ಆಗಿತ್ತು. ನಾಳೆ ಆಸ್ಪತ್ರೆಗೆ ಹೋಗ್ತಿದ್ದೀವಿ. ನೀನು ಬರಲ್ಲ ಅಂದ್ರೆ ವಾರ್ಡನ್ ಸಾರ್‌ಗೆ ಹೇಳ್ತೀನಿ."

ಕೊನೆಯ ಮಾತು ಬರೀ ಬೆದರಿಕೆ. 'ನಂಗೂ ಆಗಿತ್ತು' ಎಂದನಲ್ಲ, ಕೆಲಸ ಮಾಡಿದ್ದು ಅದು.

ಮರುದಿನ ಶಿಕಾರಿಪುರದ ತಾಲ್ಲೂಕು ಆಸ್ಪತ್ರೆಗೆ ಹೋದರು. ಡಾಕ್ಟರು ಪರದೆ ಎಳೆದು ನೋಡಿದರು. ಅಂಚು ಕೆಂಪಾಗಿ ಉಬ್ಬಿ, ಹೊಟ್ಟು ಏಳುತ್ತಿತ್ತು, ನಡುಭಾಗ ಮಾಸಿತ್ತು. ಹುಳುಕಡ್ಡಿ, ಗಜಕರ್ಣ ಎಂದು ನಾವು ಕರೆಯುವುದು ಇದನ್ನೇ. ಹೆಸರಿನಲ್ಲಿ ಹುಳು ಇದ್ದರೂ ಇದು ಹುಳುವಲ್ಲ, ಚರ್ಮದ ಮೇಲ್ಪದರದಲ್ಲಿ ಬೆಳೆಯುವ ಶಿಲೀಂಧ್ರ, ಅಂದರೆ ಫಂಗಸ್. ಕುತ್ತಿಗೆಯ ಮೇಲೂ ಬರುತ್ತದೆ, ಸೊಂಟದ ಮೇಲೂ ಬರುತ್ತದೆ. ನಡತೆಗೂ ಇದಕ್ಕೂ ಗಂಟು ಹಾಕಬೇಡಿ. ಡಾಕ್ಟರು ಅಂಚಿನ ಹೊಟ್ಟನ್ನು ಸ್ವಲ್ಪ ಕೆರೆದು ಗಾಜಿನ ಮೇಲೆ ಹಾಕಿ ಪರೀಕ್ಷೆಗೆ ಕಳಿಸಿದರು. ಅದಕ್ಕೆ ಒಂದು ತೊಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಫಂಗಸ್ಸಿನ ಎಳೆಗಳು ಕಾಣುತ್ತವೆ. ನೋವಿಲ್ಲ, ರಕ್ತವಿಲ್ಲ.

ಆಮೇಲೆ ಕೇಳಿದರು: "ಏನು ಹಚ್ತಿದ್ದೆಯಪ್ಪಾ?" ಗೆಳೆಯನ ಒತ್ತಾಯಕ್ಕೆ ಹುಡುಗ ಟ್ಯೂಬನ್ನು ಜೇಬಿನಲ್ಲಿ ತಂದಿದ್ದ. ಡಾಕ್ಟರ ಹತ್ತಿರ, ವಕೀಲರ ಹತ್ತಿರ ಮುಚ್ಚಿಡಬಾರದು ಎನ್ನುವುದು ಸುಮ್ಮನೆ ಅಲ್ಲ. ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ 'ಕ್ಲೋಬೆಟಸಾಲ್' ಎಂದಿತ್ತು. ಅದು ಬಲವಾದ ಸ್ಟೀರಾಯ್ಡ್. ಕೆಂಪನ್ನೂ ತುರಿಕೆಯನ್ನೂ ಅಡಗಿಸುತ್ತದೆ, ಫಂಗಸ್ಸನ್ನು ಕೊಲ್ಲುವುದಿಲ್ಲ. ಚರ್ಮದ ಕಾವಲು ತಗ್ಗಿಸಿ ಫಂಗಸ್ ಹಬ್ಬುವುದಕ್ಕೆ ದಾರಿ ಮಾಡಿಕೊಡುತ್ತದೆ. ಹೆಚ್ಚು ದಿನ ಹಚ್ಚಿದರೆ ತೊಡೆಸಂದಿನ ಚರ್ಮ ತೆಳುವಾಗಿ ಗೆರೆ ಗೆರೆಯಾಗಿ ಸೀಳುತ್ತದೆ, ಆ ಗೆರೆ ಮತ್ತೆ ಪೂರ್ತಿ ಹೋಗುವುದಿಲ್ಲ. ಅದಕ್ಕೇ 2018ರಲ್ಲಿ ಕೇಂದ್ರ ಸರ್ಕಾರ ಇಂಥ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಬಿಗಿ ಮಾಡಿತು. ಬೆಟಾಮೆಥಸೋನ್, ಮೊಮೆಟಸೋನ್, ಬೆಕ್ಲೋಮೆಥಸೋನ್ ಎಂದಿದ್ದರೂ ಅದೇ ಜಾತಿ. ಫಂಗಸ್ ಔಷಧಿಯ ಜೊತೆ ಬೆರೆಸಿದ್ದರೂ ನೀವಾಗಿ ಹಚ್ಚಬೇಡಿ.

ಡಾಕ್ಟರು ಹುಡುಗನ ಚಪ್ಪಲಿ ಬಿಚ್ಚಿಸಿ ಕಾಲ್ಬೆರಳ ಸಂದನ್ನೂ ನೋಡಿದರು. ಅಲ್ಲೂ ಬೆಳ್ಳಗೆ ಕೊಳೆತ ಚರ್ಮ. ಕೆಸರುಹುಣ್ಣು ಎಂದು ಅವನು ಸುಮ್ಮನಿದ್ದ. ಎಷ್ಟೋ ಸಲ ಫಂಗಸ್ ಮೊದಲು ಅಲ್ಲಿ ಬಂದು, ಚಡ್ಡಿ ಏರಿಸುವಾಗ ಮೇಲಕ್ಕೆ ಹತ್ತುತ್ತದೆ. ಆದ್ದರಿಂದ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಆಗಬೇಕು. ವಾಸಿಯಾಗುವವರೆಗೆ ಮೊದಲು ಸಾಕ್ಸ್, ಆಮೇಲೆ ಚಡ್ಡಿ ಹಾಕಿಕೊಳ್ಳಿ.

ಕೊಟ್ಟದ್ದು ಗುಳಿಗೆ ಮತ್ತು ಸ್ಟೀರಾಯ್ಡ್ ಇಲ್ಲದ ಮುಲಾಮು. ಹಚ್ಚುವ ಕ್ರಮವನ್ನು ನೀವೂ ಕಲಿತುಕೊಳ್ಳಿ. ತೊಳೆದು, ಒರೆಸಿ, ಪೂರ್ತಿ ಆರಿದ ಮೇಲೆ ಹಚ್ಚಬೇಕು. ಕಾಣುವ ಅಂಚಿನಿಂದ ಎರಡು ಬೆರಳು ಆಚೆಗೆ ಶುರುಮಾಡಿ ಒಳಕ್ಕೆ ಬರಬೇಕು, ಏಕೆಂದರೆ ಕಾಣದ ಫಂಗಸ್ ಅಂಚಿನಾಚೆಗೂ ಇರುತ್ತದೆ. ಕಲೆ ಹೋಯಿತೆಂದು ನಿಲ್ಲಿಸಬೇಡಿ. ಡಾಕ್ಟರು ಹೇಳಿದ ದಿನದವರೆಗೆ, ಸಾಮಾನ್ಯವಾಗಿ ಕಲೆ ಹೋದ ಮೇಲೂ ಎರಡು ವಾರ ಹಚ್ಚಬೇಕು. ಈಗಿನ ಫಂಗಸ್ ಹಟಮಾರಿ. ನಾಲ್ಕಾರು ವಾರ ಹಿಡಿಯುವುದು ಸಾಮಾನ್ಯ, ಸ್ಟೀರಾಯ್ಡ್ ಹಚ್ಚಿಕೊಂಡವರಿಗೆ ಇನ್ನೂ ಹೆಚ್ಚು. ಸ್ಟೀರಾಯ್ಡ್ ನಿಲ್ಲಿಸಿದ ಮೊದಲ ದಿನಗಳಲ್ಲಿ ತುರಿಕೆ ಜಾಸ್ತಿಯಾಗಬಹುದು. ಹೆದರಿ ಹಳೆಯ ಟ್ಯೂಬಿಗೆ ಕೈ ಹಾಕಬೇಡಿ. ಯಾವ ಮುಲಾಮಿಗೂ ಜಗ್ಗದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ.

ಇನ್ನು ಬಟ್ಟೆಯ ಮಾತು. ಚಡ್ಡಿ, ಟವೆಲ್ ಯಾರೊಂದಿಗೂ ಹಂಚಿಕೊಳ್ಳಬೇಡಿ. ಹತ್ತಿಯ ಸಡಿಲ ಚಡ್ಡಿ ಹಾಕಿ, ದಿನಾ ಬದಲಾಯಿಸಿ. ಬಿಸಿನೀರಿನಲ್ಲಿ ಬೇರೆಯಾಗಿ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಬಿಸಿಲಿಲ್ಲದ ದಿನ ಒಳಮಗ್ಗುಲಿಗೆ ಇಸ್ತ್ರಿ ಹಾಕಿ. ಉಡಿದಾರ ಒದ್ದೆಯಾಗಿಯೇ ಇದ್ದರೆ ಫಂಗಸ್ಸಿಗೆ ಮನೆ ಕಟ್ಟಿಕೊಟ್ಟಂತೆ. ವಾಸಿಯಾಗುವವರೆಗೆ ತೆಗೆದಿಡಿ, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ. ಬೆಳ್ಳುಳ್ಳಿ, ಸುಣ್ಣ, ಡೆಟಾಲ್ ತಿಕ್ಕಿ ಚರ್ಮ ಸುಟ್ಟುಕೊಳ್ಳಬೇಡಿ.

ಒಂದು ವ್ಯತ್ಯಾಸ ತಿಳಿದಿರಲಿ. ತುರಿಕೆ ರಾತ್ರಿಯೇ ಜಾಸ್ತಿಯಾಗಿ, ಕೈಬೆರಳ ಸಂದಿನಲ್ಲೂ ಸಣ್ಣ ಗುಳ್ಳೆ ಎದ್ದು, ರೂಮಿನ ಇನ್ನೊಬ್ಬರೂ ತುರಿಸಿಕೊಳ್ಳುತ್ತಿದ್ದರೆ ಅದು ಕಜ್ಜಿ ಇರಬಹುದು. ಅದರ ಔಷಧಿಯೇ ಬೇರೆ, ರೂಮಿನವರೆಲ್ಲ ಒಂದೇ ದಿನ ಹಚ್ಚಬೇಕು. ಕತ್ತಲಲ್ಲಿ ಕನ್ನಡಿ ಹಿಡಿದು ನೀವೇ ತೀರ್ಮಾನ ಮಾಡುವ ವಿಷಯ ಇದಲ್ಲ.

ನಮ್ಮ ಹುಡುಗನಿಗೆ ವಾಸಿಯಾಗುವುದಕ್ಕೆ ಎರಡು ತಿಂಗಳು ಹಿಡಿಯಿತು. ಜುಲೈಯಲ್ಲೇ ತೋರಿಸಿದ್ದರೆ ಬರೀ ಮುಲಾಮಿನಲ್ಲಿ ಹೋಗುತ್ತಿತ್ತೋ ಏನೋ. ಬಾಯಿ ಬಿಟ್ಟು ಹೇಳಲು ನಾಚಿಕೆಯಾದರೆ ಒಂದು ಚೀಟಿಯಲ್ಲಿ 'ತೊಡೆಸಂದಿನಲ್ಲಿ ತುರಿಕೆ, ಇಷ್ಟು ದಿನವಾಯಿತು, ಇದನ್ನು ಹಚ್ಚಿದೆ' ಎಂದು ಬರೆದು ಡಾಕ್ಟರ ಕೈಗೆ ಕೊಡಿ. ಹೆಣ್ಣುಮಕ್ಕಳು ಲೇಡಿ ಡಾಕ್ಟರೇ ಬೇಕೆಂದು ಕೇಳಿ, ಇಲ್ಲವೇ ನರ್ಸ್ ಜೊತೆಗಿರಲಿ ಎನ್ನಿ. ಸರ್ಕಾರಿ ಆಸ್ಪತ್ರೆಗಳಲ್ಲಿ ನಿಮ್ಮ ವಯಸ್ಸಿನವರಿಗೆಂದೇ ಸ್ನೇಹ ಕ್ಲಿನಿಕ್ ಇರುತ್ತದೆ, ವಿಚಾರಿಸಿ. ನಿಮ್ಮ ರೂಮಿನಲ್ಲಿ ಯಾರಾದರೂ ಕಾಲು ಅಗಲಿಸಿ ನಡೆಯುತ್ತಿದ್ದರೆ ಗೇಲಿ ಮಾಡಬೇಡಿ. ಕೈ ಹಿಡಿದು ಓಪಿಡಿ ಸಾಲಿನಲ್ಲಿ ನಿಲ್ಲಿಸಿ, ಹಚ್ಚುತ್ತಿರುವ ಟ್ಯೂಬನ್ನು ಮರೆಯದೆ ಜೇಬಿಗೆ ಹಾಕಿಸಿ.